ರಿಪೋರ್ಟಿನ ಕೆಳಗಿನ ಎರಡಕ್ಷರ

ಅವಳ ಹಲ್ಲಿನ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಪರ್ಮನೆಂಟ್ ಆದವರಿಗೆ ಹಲ್ಲಿನ ಡಾಕ್ಟರ ಖರ್ಚನ್ನೂ ಆಸ್ಪತ್ರೆಯೇ ಕೊಡುತ್ತಿತ್ತು. ಅವಳು ಆರು ತಿಂಗಳಿಗೊಮ್ಮೆ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದು ನಗುತ್ತಿದ್ದಳು. ನಾನು ನೋಯುವ ದವಡೆಗೆ ಲವಂಗ ಒತ್ತಿಕೊಂಡು ಟೈಪು ಮಾಡುತ್ತಿದ್ದೆ.

ಅದು ಎಂಬತ್ತರ ದಶಕದ ನಡುಭಾಗ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಸ್ಪತ್ರೆ. ಡಾಕ್ಟರುಗಳು ಟೇಪಿನಲ್ಲಿ ಹೇಳಿಟ್ಟಿದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ರಿಪೋರ್ಟು ಟೈಪು ಮಾಡುವುದು ನಮ್ಮಿಬ್ಬರ ಕೆಲಸ. ಪಕ್ಕಪಕ್ಕದ ಮೇಜು. ಅವಳು ಮೈಸೂರಿನವಳು, ಯೂನಿಯನ್ ಸಿಟಿಯಲ್ಲಿ ಸ್ವಂತ ಮನೆ. ನಾನು ಹುಬ್ಬಳ್ಳಿಯವಳು, ಬಾಡಿಗೆ ಅಪಾರ್ಟ್‌ಮೆಂಟು, ಮೂರು ಮೂರು ತಿಂಗಳ ಕರಾರಿಗೆ ಸಹಿ ಹಾಕುತ್ತ ಎರಡು ವರ್ಷ ಕಳೆದವಳು. ಗಂಟೆಗೆ ನನಗೆ ಸಿಗುತ್ತಿದ್ದುದು ಅವಳಿಗಿಂತ ಎಷ್ಟೋ ಕಡಿಮೆ. ನಮ್ಮ ದೇಶದ ಡಾಕ್ಟರುಗಳು ಗೊಣಗಿದ್ದೆಲ್ಲ ಅವಳಿಗಿಂತ ನನಗೇ ಚೆನ್ನಾಗಿ ತಿಳಿಯುತ್ತಿತ್ತು. ಸುಮ್ಮನೆ ಜಂಬ ಕೊಚ್ಚುತ್ತಿಲ್ಲ, ಅವಳೇ ಹೆಡ್‌ಫೋನು ತೆಗೆದು ನನ್ನ ಕಿವಿಗಿಡುತ್ತಿದ್ದಳು.

ಒಂದೇ ಕೆಲಸಕ್ಕೆ ಒಂದೇ ಸಂಬಳ ಬೇಕೆಂದು ನೌಕರರ ಯೂನಿಯನ್ನಿಗೆ ಹೋದೆ. ಅದರ ಪ್ರತಿನಿಧಿ ಅಡ್ಮಿಶನ್ ಕೌಂಟರಿನ ಒಬ್ಬ ಫಿಲಿಪಿನೋ ಹೆಂಗಸು. ಇದಕ್ಕೆ ಕಾಯ್ದೆಯ ಬಲವಿಲ್ಲ ಎಂದು ಅವರು ಮೊದಲೇ ಹೇಳಿದರು. ಸಮಾನ ವೇತನದ ಕಾಯ್ದೆ ಗಂಡಸು ಹೆಂಗಸರ ನಡುವಿನದು; ನಾವಿಬ್ಬರೂ ಹೆಂಗಸರೇ. ಆದರೆ ಆಸ್ಪತ್ರೆಗೂ ಯೂನಿಯನ್ನಿಗೂ ಆದ ಒಪ್ಪಂದದಲ್ಲಿ ಒಂದು ಕಲಮಿತ್ತು: ಆರು ತಿಂಗಳು ಮೀರಿ ಪರ್ಮನೆಂಟ್ ನೌಕರರ ಕೆಲಸವನ್ನೇ ಮಾಡುವ ಕರಾರಿನವರಿಗೆ ಅವರದೇ ಸಂಬಳ. ಅದರ ಮೇಲೆ ದೂರು ಕೊಟ್ಟೆವು.

ಮೊದಲ ಮೀಟಿಂಗಿನಲ್ಲೇ ಆಸ್ಪತ್ರೆಯ ಸಿಬ್ಬಂದಿ ವಿಭಾಗದವರು ರಿಪೋರ್ಟುಗಳ ಕಾರ್ಬನ್ ಪ್ರತಿಗಳನ್ನು ತಂದು ಹರಡಿದರು. ಪ್ರತಿ ರಿಪೋರ್ಟಿನ ಕೆಳಗೂ ಟೈಪು ಮಾಡಿದವರ ಇನಿಷಿಯಲ್ ಎರಡಕ್ಷರ ಇರುತ್ತಿತ್ತು. ಅವಳ ಎರಡಕ್ಷರ ಎಲ್ಲೆಲ್ಲೂ. ನನ್ನದು ಅದಕ್ಕಿಂತ ಸಾಕಷ್ಟು ಕಡಿಮೆ. "ಇವರದು ಅದೇ ಕೆಲಸವಲ್ಲ, ಮಿಕ್ಕಿದ್ದಕ್ಕೆ ಕೈಜೋಡಿಸುವ ಕೆಲಸ" ಎಂದರು.

ಅದು ನಾನೇ ಕೈಯಾರೆ ಮಾಡಿಕೊಂಡದ್ದು. ಡೇಕೇರಿನಿಂದ ಮಗುವನ್ನು ಕರೆತರಲು ಅವಳು ದಿನಾ ಒಂದು ಗಂಟೆ ಮುಂಚೆ ಟ್ರೇನು ಹಿಡಿಯಲು ಓಡುತ್ತಿದ್ದಳು. "ಉಳ್ದಿದ್ದು ನೀನೇ ಮಾಡ್ಬಿಡೇ, ನನ್ನ ಇನಿಷಿಯಲ್ಲೇ ಹಾಕು, ಸೂಪರ್‌ವೈಸರ್‌ಗೆ ಗೊತ್ತಾಗೋದು ಬೇಡ" ಎನ್ನುತ್ತಿದ್ದಳು. ಬೆಳಿಗ್ಗೆ ಡಬ್ಬಿಯಲ್ಲಿ ಬಿಸಿಬೇಳೆಬಾತು ಬರುತ್ತಿತ್ತು. ನಮ್ಮವಳಲ್ಲವೇ ಎಂದು ನಾನೂ ಹಾಕುತ್ತಿದ್ದೆ, ಒಂದು ವರ್ಷಕ್ಕೂ ಹೆಚ್ಚು ಕಾಲ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಅವಳಿಗೆ ಎಲ್ಲ ಹೇಳಿದೆ.

"ನಿಜ ಏನು ಅಂತ ನೀ ಹೇಳಬೇಕು. ಇಲ್ಲಂದ್ರ ನನ್ನ ಕ್ಲೇಮು ಮುಳುಗಿತು."

ಅವಳು ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. "ಮನೆ ಲೋನಿದೆ ಕಣೇ. ಕೆಲ್ಸ ಹೋದ್ರೆ?"

ಆ ಕ್ಷಣ ಅವಳ ಮುಖ ನೋಡಿ ಮೈ ಉರಿಯಿತು. ಮನೆಯೂ ಅವಳದೇ, ಮನೆಯ ಚಿಂತೆಯೂ ಅವಳದೇ. ನಾನು ಟೈಪು ಮಾಡಿದ ರಿಪೋರ್ಟುಗಳೂ ಅವಳವೇ ಆಗಿಬಿಟ್ಟಿದ್ದವು. ಮೂರು ದಿನ ಮಾತು ಬಿಟ್ಟೆ. ಅವಳು ಎಂದಿನಂತೆ ಟ್ರೇನಿಗೆ ಹೊರಟಾಗ ಉಳಿದ ಟೇಪು ಮುಟ್ಟಲಿಲ್ಲ.

ಎರಡನೇ ಮೀಟಿಂಗಿಗೆ ಅವಳು ತಾನಾಗಿಯೇ ಬಂದಳು. ಕೂರಲಿಲ್ಲ. ದಿನದ ಕೊನೆಯ ಗಂಟೆಯಲ್ಲಿ ತನ್ನ ಹೆಸರಲ್ಲಿ ಹೋದದ್ದೆಲ್ಲ ನಾನು ಮಾಡಿದ್ದು, ಹಾಗೆ ಮಾಡೆಂದು ಕೇಳಿದವಳು ತಾನೇ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಪ್ರತಿನಿಧಿ ಅವಳ ಹಾಜರಿ ಕಾರ್ಡುಗಳನ್ನು ತರಿಸಿ ಎಂದರು; ಸೂಪರ್‌ವೈಸರು ಅವನ್ನು ಎಂದೂ ತೆರೆದು ನೋಡಿರಲಿಲ್ಲ. ಅವಳು ಹೊರಗೆ ಹೋದ ವೇಳೆಯೂ, ಆಮೇಲೆ ಅವಳ ಹೆಸರಲ್ಲಿ ಮುಗಿದ ಟೇಪುಗಳ ಪಟ್ಟಿಯೂ ತಾಳೆಯಾದವು.

ಆಸ್ಪತ್ರೆ ಒಪ್ಪಿತು. ನನಗೆ ಅವಳದೇ ಸಂಬಳ, ಹಿಂದಿನ ಕೆಲವು ತಿಂಗಳ ವ್ಯತ್ಯಾಸವೂ ಬಂತು. ಅವಳಿಗೆ ಒಂದು ಎಚ್ಚರಿಕೆ ಪತ್ರ ಬಂತು. ಮೇಜಿನ ಮೇಲಿಟ್ಟು ತೋರಿಸಿದಳು.

"ಬರೀ ಇಷ್ಟ ಏನು?" ಎಂದೆ.

"ಇಷ್ಟೇ. ಒಂದು ವರ್ಷ ಫೈಲಲ್ಲಿರತ್ತಂತೆ, ಆಮೇಲೆ ತೆಗೀತಾರಂತೆ. ಎಷ್ಟು ಹೆದರ್ಕೊಂಡಿದ್ದೆ ಗೊತ್ತಾ?" ಎಂದು ಕಣ್ಣೊರೆಸಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡೆ. ನನಗಾಗಿ ಅಷ್ಟು ಮಾಡಿದವಳು, ಹಿಡಿಯದೆ ಇರಲಾಗುತ್ತದೆಯೇ.

ಹಿಂಬಾಕಿಯ ಚೆಕ್ಕು ಬಂದ ವಾರವೇ ಹಲ್ಲು ಕೀಳಿಸಿಕೊಂಡೆ. ತಿಂಗಳ ಕೊನೆಗೆ ನನ್ನ ಮೂರು ತಿಂಗಳು ಮುಗಿದವು. ಸೂಪರ್‌ವೈಸರು ಹೊಸ ಕರಾರು ತರಲಿಲ್ಲ, ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಒಪ್ಪಂದದಲ್ಲಿ ಅದಕ್ಕೆ ಕಲಮಿಲ್ಲ ಎಂದು ಪ್ರತಿನಿಧಿ ತಲೆ ತಗ್ಗಿಸಿದರು. ಎರಡಕ್ಷರದ ತಪ್ಪು ನಮ್ಮಿಬ್ಬರದೂ; ಅವಳ ಕೆಲಸ ಉಳಿಯಿತು, ನನ್ನದು ಹೋಯಿತು. ಅವಳಿಗೆ ಬಂದ ಆ ಎಚ್ಚರಿಕೆ ಪತ್ರದ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಿದೆ.