ಲೈನಿನ ಮೇಲೆ ಹೊರಿಸಿದ ತಪ್ಪು

ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ನನ್ನ ಪ್ರಬಂಧವೆಲ್ಲ ಒಂದೇ ಲೆಕ್ಕಾಚಾರವನ್ನು ನಂಬಿತ್ತು: ಹೇಮಾವತಿ ನಾಲೆಯಿಂದ ನೆಲಕ್ಕೆ ಇಂಗುವ ನೀರು ಎಷ್ಟು? ಲ್ಯಾಬಿನ ಸರ್ವರಿನಲ್ಲಿ ಆ ಪ್ರೋಗ್ರಾಮು ದಿನಗಟ್ಟಲೆ ಓಡಬೇಕಿತ್ತು. ಅದು ಫಲಿತಾಂಶವನ್ನು ಕಡತಕ್ಕೆ ಬರೆಯುತ್ತಿದ್ದುದು ಕೊನೆಯಲ್ಲಿ ಮಾತ್ರ. ಸೋಮವಾರ ವಿಭಾಗದ ಮುಖ್ಯಸ್ಥರಿಗೆ ಅದನ್ನು ತೋರಿಸದಿದ್ದರೆ ಒಂದು ವರ್ಷವೇ ಹೋಗುತ್ತಿತ್ತು. ನನಗಿಂತ ಮೊದಲು ಪದವಿ ಕಂಡವರಿಲ್ಲದ ಮನೆಗೆ ಆ ಸುದ್ದಿಯನ್ನು ಒಯ್ಯುವ ಧೈರ್ಯ ನನಗಿರಲಿಲ್ಲ.

ಶುಕ್ರವಾರ ಲ್ಯಾಬಿನಲ್ಲಿ tmux ಎಂಬ ತಂತ್ರಾಂಶ ತೆರೆದು, ಅದರೊಳಗೆ ಪ್ರೋಗ್ರಾಮು ಶುರುಮಾಡಿ ನಮ್ಮ ಹಳ್ಳಿಗೆ ಬಂದೆ. ಹಾಗೆ ಮಾಡಿದರೆ ಕೆಲಸವು ಸರ್ವರಿನಲ್ಲೇ ಉಳಿಯುತ್ತದೆ. ನಮ್ಮ ಸಂಪರ್ಕ ಕಡಿದರೂ ಮತ್ತೆ ಲಾಗಿನ್ ಆಗಿ ಅದನ್ನು ಸೇರಿಕೊಳ್ಳಬಹುದು. ಶನಿವಾರ ಹತ್ತಿರದ ಚನ್ನರಾಯಪಟ್ಟಣದ ಸೈಬರ್ ಅಂಗಡಿಯಿಂದ, ದೂರದಿಂದಲೇ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಇಣುಕುತ್ತಿದ್ದಾಗ ಫೋನ್ ಲೈನು ಹೋಯಿತು.

"ಲೈನ್ ಓಯ್ತು ಕಣಮ್ಮ, ನಿನ್ ಕೆಲ್ಸಾನೂ ಓಯ್ತು!" ಎಂದು ಅಂಗಡಿಯವರು ನಕ್ಕರು.

"ಇಲ್ಲಣ್ಣ, ಅದು ಅಲ್ಲೇ ಓಡ್ತಾ ಇರುತ್ತೆ" ಎಂದೆ. ಲೈನು ಬಂದ ಮೇಲೆ tmux attach ಎಂದು ಟೈಪಿಸಿದೆ. ಅಂಕಿಗಳು ಸಾಲುಸಾಲಾಗಿ ಮುಂದುವರಿದಿದ್ದವು. ಅಂಗಡಿಯವರು "ಗಟ್ಟಿ ಮಾಲು ಕಣಮ್ಮ!" ಎಂದರು.

ಸೋಮವಾರ ಲ್ಯಾಬಿಗೆ ಹೋದರೆ ಓಡುತ್ತಿದ್ದ tmux ಸೆಷನ್ನೂ ಇಲ್ಲ, ಫಲಿತಾಂಶವೂ ಇಲ್ಲ. ಲ್ಯಾಬಿನ ಉಸ್ತುವಾರಿಯವರು ಮುಖ್ಯಸ್ಥರ ಎದುರೇ ಹೇಳಿದರು: "ಇವ್ರ ಊರ್ ಲೈನ್ ಹೆಂಗೆ ಅಂತ ಗೊತ್ತಲ್ಲ ಸಾ. ಕಟ್ ಆಗೈತೆ, ಕೆಲ್ಸ ನಿಂತೋಗೈತೆ. ಇಲ್ಲೇ ಕೂತು ಮಾಡಮ್ಮ ಅಂದ್ರೆ ಕೇಳಲ್ಲ."

ಮುಖ್ಯಸ್ಥರು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಹಳ್ಳಿಯ ಹುಡುಗಿ, ಹಳ್ಳಿಯ ಲೈನು. ತಪ್ಪಿಗೆ ಜಾಗ ಹುಡುಕುವುದು ಇವರಿಗೆ ಎಷ್ಟು ಸುಲಭ!

"ಸರ್, ಲೈನು ಶನಿವಾರವೇ ಕಟ್ ಆಗಿತ್ತು. ಅದಾದ ಮೇಲೂ ಕೆಲಸ ಓಡುತ್ತಿದ್ದುದನ್ನು ನಾನು ನೋಡಿದ್ದೇನೆ" ಎಂದು ಹೇಳಿ, ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆಯೆಂದು ತೋರಿಸುವ uptime ಆಜ್ಞೆಯನ್ನು ಅವರ ಮುಂದೆಯೇ ಟೈಪಿಸಿದೆ. ಸರ್ವರು ಎದ್ದು ಇನ್ನೂ ಒಂದು ದಿನ ತುಂಬಿರಲಿಲ್ಲ. ಲೈನು ಕಡಿದರೂ tmux ಬದುಕುತ್ತದೆ. ಯಂತ್ರವನ್ನೇ ಆರಿಸಿ ಹಚ್ಚಿದರೆ ಅದೂ ಉಳಿಯುವುದಿಲ್ಲ.

"ನಿನ್ನೆ ರೀಸ್ಟಾರ್ಟ್ ಮಾಡಿದ್ರೇನ್ರೀ?" ಎಂದರು ಮುಖ್ಯಸ್ಥರು.

"ಸರ್ವರ್‌ಗೆ ಹೊಸ ಪ್ರಿಂಟರ್ ಹಾಕ್ತಾ ಇದ್ದೆ ಸಾ, ಇನ್ನೂ ಮುಗ್ದಿಲ್ಲ. ಯಾರೂ ಕೂತಿರ್ಲಿಲ್ವಲ್ಲ, ಖಾಲಿ ಐತೆ ಅಂದ್ಕಂಡೆ."

ಕುರ್ಚಿ ಖಾಲಿಯಿದ್ದರೆ ಯಂತ್ರವೂ ಖಾಲಿಯೇ? ಮುಖ್ಯಸ್ಥರು ನನಗೆ ಒಂದು ವಾರ ಕೊಟ್ಟರು. ಜೊತೆಗೆ, "ದೊಡ್ಡೋರ ಮುಂದೆ ಎದುರಾಡಿದೀಯ, ಇವ್ರತ್ರ ಸಾರಿ ಕೇಳ್ಬಿಡಮ್ಮ" ಎಂದರು.

"ಕೇಳುವುದಿಲ್ಲ ಸರ್" ಎಂದೆ.

ಅವರು ನನ್ನನ್ನು ದಿಟ್ಟಿಸಿದರು. ಬಳಿಕ ಉಸ್ತುವಾರಿಯವರ ಕಡೆ ತಿರುಗಿ, ಕೆಲಸ ಮುಗಿಯುವವರೆಗೆ ಸರ್ವರನ್ನು ಮುಟ್ಟಕೂಡದೆಂದರು. ಆ ವಾರದಲ್ಲೇ ಫಲಿತಾಂಶ ಬಂದಿತು. ಪ್ರಬಂಧವನ್ನೂ ಆ ವರ್ಷವೇ ಸಲ್ಲಿಸಿದೆ. ಆದರೆ ಅಂದು ಆ ಮನುಷ್ಯ ನನ್ನತ್ತ ತಿರುಗಿಯೂ ನೋಡದೆ, ಮುಖ್ಯಸ್ಥರನ್ನು ಕೇಳಿದ್ದು ಇಷ್ಟೇ:

"ಅಲ್ಲೀಗಂಟ ಪ್ರಿಂಟರ್ ಗತಿಯೇನು ಸಾ?"