ಭಾಗ್ಯಾ ಬರೆದ ಎರಡು ಕಾರ್ಡು

ಮೂಡಲಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಭಾಗ್ಯಾ ಮಾತಿನಲ್ಲಿ ಜಿಪುಣಿ, ಕಾರ್ಡಿನಲ್ಲಿ ಧಾರಾಳಿ. ರಜೆಗೆ ಎಲ್ಲಿಗೆ ಹೋದರೂ ಹುಕ್ಕೇರಿಯ ಗೆಳತಿ ದೀಪಾಳಿಗೆ ಒಂದು ಅಂಚೆ ಕಾರ್ಡು ಹಾಕಲೇಬೇಕು. ಗೋಕಾಕದ ಹಾಸ್ಟೆಲಿನಲ್ಲಿ ಫೋನು ಇಟ್ಟುಕೊಳ್ಳಲು ಬಿಡದ ಕಾಲದಿಂದ ಬಂದ ರೂಢಿ ಇದು. ಈಗ ಇಬ್ಬರ ಕೈಯಲ್ಲೂ ಫೋನಿದೆ. ಆದರೂ ಕಾರ್ಡು ಬಾರದ ರಜೆ ರಜೆಯೇ ಅಲ್ಲ ಎಂದು ದೀಪಾಳ ಹಟ.

ಬುದ್ಧ ಪೂರ್ಣಿಮೆಗೆ ಧುಪದಾಳದ ಅಕ್ಕನ ಮನೆಗೆ ಬಂದ ಭಾಗ್ಯಾ, ಎರಡು ದಿನ ಬಿಟ್ಟು ಒಡ್ಡಿನ ಹತ್ತಿರ ಬೇವಿನ ನೆರಳಲ್ಲಿ ಕೂತು ಬರೆದಳು. ಮೇಲೆ ಬಲಕ್ಕೆ ಊರು, ತಾರೀಖು. ಆಮೇಲೆ:

"ಪ್ರೀತಿಯ ದೀಪಾ, ಜೈಭೀಮ್. ನಾನು ಆರಾಮ. ನೀನೂ ಆರಾಮ ಇದ್ದಿ ಅಂತ ತಿಳದೇನಿ. ಅಕ್ಕನ ಮನಿಗೆ ಬಂದೇನಿ. ಬಿಸಲು ಭಾಳ. ಹೊಳ್ಯಾಗ ನೀರು ಕಡಿಮಿ. ಗಾಳಿ ಮಾತ್ರ ಛಲೋ. ನೀ ಇದ್ದಿದ್ರ ನೀರಾಗ ಕಾಲು ಬಿಟ್ಟು ಏಳತಿದ್ದಿಲ್ಲ. ಅವ್ವಗ ನನ್ನ ನಮಸ್ಕಾರ ತಿಳಸು. ಲಗೂನ ಬರಿ. ನಿನ್ನ ಗೆಳತಿ, ಭಾಗ್ಯಾ."

ಕಾರ್ಡಿನ ಅರ್ಧದಲ್ಲಿ ಮಾತು, ಇನ್ನರ್ಧದಲ್ಲಿ ವಿಳಾಸ. ದೀಪಾಳ ಹೆಸರು, ಕೆಳಗೆ 'ನಾಗರತ್ನಾ ಅವರ ಮನೆ', ಓಣಿ, ಹುಕ್ಕೇರಿ; ಕೊನೆಗೆ ಆರು ಚೌಕಗಳಲ್ಲಿ ಪಿನ್ ಕೋಡು. ಟಿಕೀಟು ಮೊದಲೇ ಅಚ್ಚಾಗಿರುತ್ತದೆ, ಅಂಟಿಸುವ ಕೆಲಸವಿಲ್ಲ. ಕೆಂಪು ಡಬ್ಬಿಗೆ ಹಾಕಿ ಮನೆಗೆ ಬಂದಳು.

"ದೀಪಾ ಹೊಸಾ ಖೋಲಿ ಹಿಡದಾಳಲ್ಲ, ಮಾಲಕರು ಹ್ಯಾಂಗದಾರ?" ಎಂದು ಅಕ್ಕ ಕೇಳಿದಳು.

ಭಾಗ್ಯಾಳಿಗೆ ಆಗ ಹೊಳೆಯಿತು. ದೀಪಾ ಆಸ್ಪತ್ರೆಯಲ್ಲಿ ನರ್ಸು. ಮೂರು ಮನೆಯವರು ಜಾತಿ ಕೇಳಿ ಬಾಡಿಗೆಗೆ ಖೋಲಿ ಇಲ್ಲವೆಂದಿದ್ದರು. ನಾಲ್ಕನೆಯದಾದ ನಾಗರತ್ನಾ ಅವರ ಮನೆಯಲ್ಲಿ ಅವಳು ಜಾತಿಯ ಬಗ್ಗೆ ಸುಳ್ಳು ಹೇಳಿದ್ದಳು. ಅದನ್ನು ಫೋನಿನಲ್ಲಿ ಭಾಗ್ಯಾಳೊಬ್ಬಳಿಗೇ ಹೇಳಿ ಅತ್ತಿದ್ದಳು. ಲಕೋಟೆಯಾದರೆ ಮುಚ್ಚಿರುತ್ತದೆ. ಕಾರ್ಡು ಹೊಸ್ತಿಲಿಗೆ ಬರುವ ಹೊತ್ತಿಗೆ ಊರೇ ಓದಿರುತ್ತದೆ. ಅದರ ಮೊದಲ ಸಾಲಿನಲ್ಲೇ ಜೈಭೀಮ್! ಸುಳ್ಳು ಹೇಳಿಸಿದವರು ಹಾಯಾಗಿ ಉಂಡು ಮಲಗುತ್ತಾರೆ, ಬೆವರುವವರು ನಮ್ಮವರೇ.

ಭಾಗ್ಯಾ ಡಬ್ಬಿಯ ಹತ್ತಿರ ಓಡಿದಳು. ಕಿಂಡಿಗೆ ಬೆರಳು ತೂರಿಸಿ ನೋಡಿದಳು, ನಿಲುಕಲಿಲ್ಲ. ಟಪಾಲು ತೆಗೆಯುವ ವೇಳೆಗೆ ಪೋಸ್ಟಮನ್ ಉದ್ದಪ್ಪ ಸೈಕಲ್ ಮೇಲೆ ಬಂದು ಡಬ್ಬಿ ತೆರೆದ.

"ಕಾಕಾ, ನನ್ನ ಕಾರ್ಡ್ ವಾಪಸ್ ಕೊಡ್ರಿ. ಇದ ನೋಡ್ರಿ, ನನ್ನ ಅಕ್ಷರ."

"ಡಬ್ಯಾಗ ಬಿದ್ದದ್ದು ಕೈಲೆ ಕೊಡಾಕ ಬರೂದಿಲ್ಲವಾ. ಆಫೀಸಿಗೆ ಬಾ, ಅರ್ಜಿ ಬರಿ. ಕಾರ್ಡಿಗೆ ಮುದ್ರಿ ಬಿದ್ದು ಚೀಲ ಹೋತಂದ್ರ ನನ್ನ ಕೈಯಾಗ ಏನೂ ಇಲ್ಲ."

ಅಂಚೆ ಕಚೇರಿಯಲ್ಲಿ ಭಾಗ್ಯಾ ಅರ್ಜಿ ಬರೆದಳು. ಮಾಸ್ತರರು ಬೇರೆ ಹಾಳೆಯ ಮೇಲೆ ಅದೇ ವಿಳಾಸ ಬರೆಸಿದರು, ಎರಡೂ ಅಕ್ಷರ ಹೋಲಿಸಿದರು, ಗುರುತಿನ ಚೀಟಿ ನೋಡಿ ಸಹಿ ಹಾಕಿಸಿಕೊಂಡರು. "ಏನಂಥಾದ್ದು ಬರದೀರಿ?" ಎಂದು ಕಾರ್ಡು ಓದಿ, ಏನೂ ಸಿಗದೆ ಹುಬ್ಬು ಹಾರಿಸಿ ಮರಳಿ ಕೊಟ್ಟರು.

ಅಲ್ಲೇ ಹೊಸ ಕಾರ್ಡು ಕೊಂಡಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. 'ಪ್ರೀತಿಯ ದೀಪಾ' ಎಂದು ಬರೆದ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ 'ನಮಸ್ಕಾರ' ಎಂದು ಬರೆದಳು. ಉಳಿದದ್ದೆಲ್ಲ ಮೊದಲಿನದೇ. ಗೆಳತಿಯ ಖೋಲಿ ಉಳಿಸಿದೆನೆಂಬ ಸಮಾಧಾನದಲ್ಲಿ ಅಕ್ಕನ ಮನೆಗೆ ನಡೆದಳು.

ನಾಲ್ಕನೆಯ ದಿನ ದೀಪಾಳ ಫೋನು ಬಂತು.

"ಕಾರ್ಡ್ ಬಂತು. ನಾಗರತ್ನಾ ಅಕ್ಕಾರು ಮೊದಲ ಓದಿದ್ರು. 'ನಿಮ್ಮ ಗೆಳತಿ ಭಾಳ ಸಂಸ್ಕಾರದಾಕಿ ಅದಾಳ್ರಿ' ಅಂದ್ರು."

"ಖರೇನ? ಹಂಗಾರ ಛಲೋ ಆತು ಬಿಡು."

ದೀಪಾ ದನಿ ತಗ್ಗಿಸಿದಳು. "ಮಂದಿ ಮುಂದ ನಾ ದಿನಾ ಬ್ಯಾರೆದಾಕಿ ಆಗಾಕತ್ತೇನಿ, ಭಾಗ್ಯಾ. ನಿನ್ನ ಕಾರ್ಡ್‌ನ್ಯಾಗರ ನಾ ನಾನಾಗಿರ್ತೇನಿ ಅಂತ ದಾರಿ ಕಾಯ್ತಿದ್ದೆ. ನೀನೂ ನನ್ನ ಅವರಾಕಿನ ಮಾಡಿಬಿಟ್ಟಿ."

ಖೋಲಿಗೆ ಬೇಲಿ ಹಾಕುತ್ತೇನೆಂದು ಗೆಳತಿಯನ್ನೇ ಹೊರಗೆ ನಿಲ್ಲಿಸಿದೆನಲ್ಲ ಎಂದು ಭಾಗ್ಯಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಕ್ಕನ ಅಂಗಳದಲ್ಲಿ ನಿಂತು, ಇಡೀ ಓಣಿಗೆ ಕೇಳುವಂತೆ ಹೇಳಿದಳು: "ಜೈಭೀಮ್, ದೀಪಾ!"

ಆ ಕಡೆಯಿಂದ ಉತ್ತರ ಬರುವ ಮೊದಲು ಬಾಗಿಲು ಸರಿದ ಸಪ್ಪಳ, ಒಬ್ಬ ಹೆಂಗಸಿನ ದನಿ: "ದೀಪಾ, ಚಾ ಕುಡೀತೀರೇನು?"

ದೀಪಾ ಬಾಗಿಲ ಕಡೆಗೆ "ಹೂಂ ರೀ" ಎಂದಳು.

"ನಮಸ್ಕಾರ್ರಿ. ಆಮ್ಯಾಲೆ ಮಾತಾಡ್ತೇನ್ರಿ," ಎಂದು ಭಾಗ್ಯಾಳಿಗೆ ಹೇಳಿ ಫೋನು ಇಟ್ಟಳು.