ಒಂದೂಕಾಲರ ಮೆಸೇಜು

ಇವತ್ತು ಮಿಹಾನ್ ಐಟಿ ಪಾರ್ಕಿಗೆ ಹೋಗುವ ಕಂಪನಿ ಕ್ಯಾಬಿನಲ್ಲಿ, ಹೊಸದಾಗಿ ಮದುವೆಯಾದ ನಮ್ಮ ಆಫೀಸಿನ ಹುಡುಗಿ ಮೊಬೈಲ್ ತೋರಿಸಿ ನಕ್ಕಳು. "ಕಾಕಾ, ವಾರದ ಮೆಸೇಜ್ ಎಲ್ಲಾ ಟೈಮ್ ಹಾಕಿ ಇಟ್ಟೀನಿ. ತಾವೇ ಹೋಗ್ತಾವೆ. ಗಂಡ ಏಕದಂ ಖುಷ್!"

ಈ ಜಾಣತನ ನನಗೆ ಹೊಸದಲ್ಲ ನೋಡಿ. ನಾನು ಬೆಳಗ್ಗೆ ಏಳಕ್ಕೆ ಮನೆ ಬಿಡುವವ. ಹೆಂಡತಿ ಶೈಲಾಗೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಮಧ್ಯಾಹ್ನದ ಪಾಳಿ. ಹಾಸಿಗೆ ಹಿಡಿದ ನನ್ನವ್ವ, ಶಾಲೆಯ ಇಬ್ಬರು ಮಕ್ಕಳು. ಗಂಡ ಹೆಂಡತಿ ಎಂದು ನಾವಿಬ್ಬರು ಉಳಿದದ್ದು ಮೊಬೈಲಿನಲ್ಲಿ ಮಾತ್ರ. ಒಂದೂಕಾಲಕ್ಕೆ ನಾನು ಬರೆಯುತ್ತಿದ್ದೆ: "ಅವ್ವ ಉಂಡಳಾ? ನೀ ಉಂಡ್ಯಾ?" ಅವ್ವನ ಬಾಯಿ ಒರೆಸಿ ಅವಳು ಒಂದೇ ಕೈಯಲ್ಲಿ ಉತ್ತರಿಸುತ್ತಿದ್ದಳು: "ಎರಡ ತುತ್ತು ಉಂಡ್ರು. ನಾನೂ ಕುಂತೆ. ಬಿಸಿಲಾಗ ಹೊರಗ ಅಡ್ಡಾಡಬ್ಯಾಡ್ರಿ."

ಆಮೇಲೆ ನನಗೆ ಒಂದು ಗಂಟೆಗೇ ಮೀಟಿಂಗು ಬೀಳತೊಡಗಿದವು. ಮೂರು ದಿನ ಮರೆತೆ. "ನೀವ ಕೇಳದಿದ್ರ ನನಗ ಊಟದ ನೆನಪ ಆಗಂಗಿಲ್ರಿ" ಎಂದಳು. ಪಾಪ, ಮೂರು ದಿನವೂ ಉಪವಾಸವೇ ಕೌಂಟರಿಗೆ ಹೋಗಿದ್ದಳು. ನನ್ನ ತಲೆ ಓಡಿತು. ಪ್ರತಿ ಭಾನುವಾರ ಚಹಾ ಕುಡಿಯುತ್ತ ಐದು ದಿನದ ಐದು ಮೆಸೇಜು ಬರೆದು, ಹೊತ್ತು ಹಾಕಿ ಇಡತೊಡಗಿದೆ. ದಿನಕ್ಕೊಂದು ಮಾತು ಬದಲಿಸುತ್ತಿದ್ದೆ, ಅನುಮಾನ ಬರಬಾರದಲ್ಲ! ಎಂಥ ಶಾಣ್ಯಾ ನಾನು! ಅವಳ ಉತ್ತರಗಳನ್ನು ಸಂಜೆ ಕ್ಯಾಬಿನಲ್ಲಿ, ಅರ್ಧ ನಿದ್ದೆಯಲ್ಲಿ ಓದುತ್ತಿದ್ದೆ.

ಆರು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರ ಬೆಳಗ್ಗೆ ಅವ್ವ ತೀರಿಕೊಂಡಳು. ಹುಬ್ಬಳ್ಳಿಯಿಂದ ತಮ್ಮ ಬರುವವರೆಗೆ ಕಾಯಬೇಕಿತ್ತು. ನಡುಮನೆಯಲ್ಲಿ ಅವ್ವನನ್ನು ಮಲಗಿಸಿ, ಪಕ್ಕದಲ್ಲಿ ಶೈಲಾ, ಅವಳ ಪಕ್ಕ ನಾನು ಕೂತಿದ್ದೆವು. ನನ್ನ ಮೊಬೈಲು ಒಳಗೆ ಚಾರ್ಜಿಗಿತ್ತು. ಒಂದೂಕಾಲಕ್ಕೆ ಅವಳ ಮಡಿಲಲ್ಲಿದ್ದದ್ದು ಸದ್ದು ಮಾಡಿತು.

"ಅವ್ವ ಇವತ್ತರ ಚಲೋ ಉಂಡಳಾ? ನೀ ಉಂಡ್ಯಾ? ನಿಂದ ಚಿಂತಿ ನನಗ."

ಅವಳು ಓದಿದಳು. ನನ್ನ ಮುಖ ನೋಡಿದಳು, ಖಾಲಿ ಕೈ ನೋಡಿದಳು. ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಅವ್ವನ ಸೆರಗು ಸರಿಮಾಡಿದಳು.

ದಿನಕರ್ಮ ಮುಗಿದ ಮೇಲೆ ಕೇಳಿದಳು: "ಎಷ್ಟ ದಿನದಿಂದ್ರಿ?"

"ಆರ ತಿಂಗಳಾತು."

"ಅತ್ತಿಯವ್ರಿಗೆ ಉಣಸೂ ಕೈ ಬಿಟ್ಟು ನಾ ಉತ್ತರಾ ಬರೀತಿದ್ನಿ. ಯಾರಿಗೆ ಬರೀತಿದ್ನಿ?"

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ.

ಇದಾಗಿ ಎರಡು ವರ್ಷ. ಈಗ ಮೀಟಿಂಗಿನಿಂದ ಎದ್ದು ಹೊರಗೆ ಬಂದು ನಾನೇ ಬರೆಯುತ್ತೇನೆ. "ಹೂಂ" ಎಂದು ಬರುತ್ತದೆ, ಅಷ್ಟೇ. ಇವತ್ತು ಆ ಹುಡುಗಿಗೆ "ಹಂಗ ಮಾಡಬ್ಯಾಡವಾ" ಎಂದೆ. ಅವಳು ನಕ್ಕು ಕಿಟಕಿಯತ್ತ ತಿರುಗಿದಳು. ಶೈಲಾಗೆ ಇವತ್ತು ವಾರದ ರಜೆ. ಮನೆಗೆ ಬಂದವನೇ, ಎರಡು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ: "ಈಗಿನ ಮೆಸೇಜು ಎಲ್ಲಾ ಆಯಾ ಹೊತ್ತಿಗೆ ನಾನ ಬರದದ್ದು, ಶೈಲಾ. ನಂಬು."

ಅವಳು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಂಬತೇನ್ರಿ. ಆಗಿನವನ್ನೂ ನಂಬಿದ್ನಿ."